1.25 ಕೋಟಿಯನ್ನು ಜರ್ಮನಿಯವರಿಗೆ ಬರೆಯುವುದು ಹೇಗೆ?

ಪ್ರಶ್ನೆ: ನಾನು ಪೀಣ್ಯದ ಒಂದು ಆಟೋ ಬಿಡಿಭಾಗಗಳ ಕಾರ್ಖಾನೆಯಲ್ಲಿ ಕಮರ್ಷಿಯಲ್ ವಿಭಾಗದಲ್ಲಿದ್ದೇನೆ. ನಮ್ಮ ಮಾತೃಸಂಸ್ಥೆ ಜರ್ಮನಿಯದು. ಹೊಸ ಟೂಲಿಂಗ್ ಖರ್ಚಿನ ಬಗ್ಗೆ ಅಲ್ಲಿಗೆ ಮೇಲ್ ಹಾಕುವಾಗ `Rs. 1.25 Cr` ಎಂದು ಬರೆದೆ. ಕೆಳಗೆ `1,25,00,000` ಎಂದು ಪೂರ್ತಿ ಸಂಖ್ಯೆಯನ್ನೂ ಕೊಟ್ಟಿದ್ದೆ. ಅಲ್ಲಿನ ಸಹೋದ್ಯೋಗಿ, "ಇದು ಕ್ರೆಡಿಟ್ಟಾ? ಕಾಮಾ ತಪ್ಪಾಗಿ ಬಿದ್ದಿದೆಯಾ?" ಎಂದು ಕೇಳಿದರು. ಮುಂದಿನ ಮೇಲ್‌ನಲ್ಲಿ ಮಿಲಿಯನ್ ಎಂದು ಬರೆದೆ. ಆಗ ಇಲ್ಲಿನ ಮ್ಯಾನೇಜರ್, "ನಮ್ಮದು ಭಾರತದ ಕಂಪನಿ, ಲಕ್ಷ ಕೋಟಿಯಲ್ಲೇ ಬರೆಯಬೇಕು" ಎಂದರು. ಯಾರ ಮಾತು ಸರಿ? ಈ ತಲೆನೋವೇ ಬೇಡ ಎಂದು ಯೂರೋದಲ್ಲೇ ಬರೆದುಬಿಡಲೇ?

ಉತ್ತರ: ನಿಮ್ಮ ಸಹೋದ್ಯೋಗಿ ಕೇಳಿದ್ದು ಒಳ್ಳೆಯದೇ ಆಯಿತು. ಕೇಳದೆ ತಮಗೆ ತೋಚಿದಂತೆ ಓದಿಕೊಂಡು ಪರ್ಚೇಸ್ ಆರ್ಡರ್ ಹಾಕಿಬಿಡುವವರು ಜಾಸ್ತಿ. ಇಪ್ಪತ್ತು ವರ್ಷದಿಂದ ನಾನು ಇಲ್ಲಿನ ಕಂಪನಿಗಳ ಲೆಕ್ಕವನ್ನು ಹೊರದೇಶದ ಮಾತೃಸಂಸ್ಥೆಗಳಿಗೆ ಕಳಿಸುವ ಕೆಲಸ ಮಾಡುತ್ತಿದ್ದೇನೆ. ಕೂಡಿಸಿ ಕಳೆಯುವುದರಲ್ಲಿ ಆದ ತಪ್ಪುಗಳಿಗಿಂತ ಸಂಖ್ಯೆಯನ್ನು ಬರೆದ ರೀತಿಯಿಂದ ಆದ ತಪ್ಪುಗಳನ್ನೇ ಹೆಚ್ಚು ನೋಡಿದ್ದೇನೆ. ಒಂದನ್ನು ನಾನೇ ಮಾಡಿದ್ದೇನೆ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ನಿಮ್ಮ ಮ್ಯಾನೇಜರ್ ಮಾತಿಗೆ ಬರೋಣ. ಲಕ್ಷ, ಕೋಟಿ ಎಂದು ಬರೆಯುವುದು ತಪ್ಪೇನಲ್ಲ. ಕೀಳೂ ಅಲ್ಲ. ಈ ಪದಗಳು ಇಂಗ್ಲಿಷ್ ನಿಘಂಟುಗಳಲ್ಲೂ ಇವೆ, ನಮ್ಮ ಕೇಂದ್ರ ಬಜೆಟ್ ಮಂಡನೆಯಾಗುವುದೂ ಕೋಟಿ ರೂಪಾಯಿಗಳಲ್ಲೇ. ಆದರೆ ಭಾರತದ ಕಂಪನಿ ಅದರಲ್ಲೇ ಬರೆಯಬೇಕು ಎಂಬ ಕಟ್ಟಳೆ ಇಲ್ಲ. 2013ರ ಕಂಪನಿ ಕಾಯ್ದೆಯ ಮೂರನೆಯ ಶೆಡ್ಯೂಲ್ ಹಣಕಾಸು ವರದಿಗಳಲ್ಲಿ ಲಕ್ಷವನ್ನೂ ಒಪ್ಪುತ್ತದೆ, ಮಿಲಿಯನ್ನನ್ನೂ ಒಪ್ಪುತ್ತದೆ. ಒಟ್ಟು ಆದಾಯ ನೂರು ಕೋಟಿ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಕೋಟಿಯೂ ಸೇರುತ್ತದೆ. ಅದು ಕೇಳುವುದು ಇಷ್ಟೇ: ಒಂದು ಅಳತೆ ಹಿಡಿದ ಮೇಲೆ ವರದಿಯುದ್ದಕ್ಕೂ ಅದನ್ನೇ ಬಳಸಬೇಕು. ನಮ್ಮ ಬೆಂಗಳೂರಿನಲ್ಲೇ ನೋಡಿ. ಇನ್ಫೋಸಿಸ್ ತನ್ನ ರೂಪಾಯಿ ಲೆಕ್ಕವನ್ನು ಕೋಟಿಯಲ್ಲಿ ಕೊಡುತ್ತದೆ, ವಿಪ್ರೋ ಮಿಲಿಯನ್‌ನಲ್ಲಿ ಕೊಡುತ್ತದೆ. ಎರಡೂ ಭಾರತದ ಕಂಪನಿಗಳೇ, ಎರಡರದ್ದೂ ಸರಿಯೇ. ಆದ್ದರಿಂದ ಇದು ಸರಿ ತಪ್ಪಿನ ಪ್ರಶ್ನೆಯಲ್ಲ. ಮೇಲ್ ಓದುವವರು ಯಾರು ಎಂಬ ಪ್ರಶ್ನೆ.

ಇನ್ನು ಕಾಮಾ. ಕಾಮಾ ಸುಮ್ನೆ ಕಣ್ಣಿಗೆ ಅನುಕೂಲವಾಗಲಿ ಎಂದು ಹಾಕುವುದು, ಎಲ್ಲಿ ಹಾಕಿದರೇನು ಎಂದು ಅನೇಕರು ಅಂದುಕೊಂಡಿದ್ದಾರೆ. ಇಲ್ಲೇ ದೊಡ್ಡ ಅಪಾಯ ಇರುವುದು. ದೊಡ್ಡ ಸಂಖ್ಯೆಯನ್ನು ಯಾರೂ ಅಂಕಿ ಎಣಿಸಿ ಓದುವುದಿಲ್ಲ. ಕಾಮಾ ಎಣಿಸಿ ಓದುತ್ತಾರೆ. ನಾವು ಸಾವಿರದ ಮೇಲೆ ಪ್ರತಿ ನೂರು ಪಟ್ಟಿಗೆ ಹೊಸ ಹೆಸರು ಇಟ್ಟುಕೊಂಡಿದ್ದೇವೆ. ನೂರು ಸಾವಿರ ಒಂದು ಲಕ್ಷ, ನೂರು ಲಕ್ಷ ಒಂದು ಕೋಟಿ. ಅದಕ್ಕೇ ನಮ್ಮ ಕಾಮಾ ಮೊದಲು ಮೂರು ಅಂಕಿ ಬಿಟ್ಟು, ಆಮೇಲೆ ಎರಡೆರಡು ಅಂಕಿಗೆ ಬೀಳುತ್ತದೆ. ಅವರ ಹೆಸರುಗಳು ಸಾವಿರ ಪಟ್ಟಿಗೊಮ್ಮೆ ಬದಲಾಗುತ್ತವೆ. ಹಾಗಾಗಿ ಅವರದ್ದು ಯಾವಾಗಲೂ ಮೂರು ಮೂರು. ಇಂಗ್ಲಿಷಿನಲ್ಲಿ ಲೆಕ್ಕ ಓದಿ ಪಳಗಿದ ಕಣ್ಣಿಗೆ ಒಂದು ಕಾಮಾ ಎಂದರೆ ಸಾವಿರ, ಎರಡು ಎಂದರೆ ಮಿಲಿಯನ್, ಮೂರು ಎಂದರೆ ಬಿಲಿಯನ್.

ಈಗ ನೀವು ಬರೆದ `1,25,00,000` ನೋಡಿ. ಅದರಲ್ಲಿ ಮೂರು ಕಾಮಾ ಇವೆ. ಅವಸರದಲ್ಲಿ ನೋಡಿದವರಿಗೆ ಅದು ಬಿಲಿಯನ್ ಆಸುಪಾಸಿನ ಸಂಖ್ಯೆಯಂತೆ ಕಾಣುತ್ತದೆ. ಅವರ ರೀತಿಯಲ್ಲಿ ಅದೇ ಮೊತ್ತ `12,500,000`. ಎರಡೇ ಕಾಮಾ, ಅಂದರೆ ಮಿಲಿಯನ್. ಇದಕ್ಕಿಂತ ಕೆಟ್ಟದ್ದು ಒಂದು ಲಕ್ಷದಿಂದ ಹತ್ತು ಲಕ್ಷದೊಳಗಿನ ಮೊತ್ತಗಳು. `1,25,000` ಎಂದರೆ ನಮಗೆ ಒಂದೂಕಾಲು ಲಕ್ಷ. ಅವರ ಕಣ್ಣಿಗೆ ಎರಡು ಕಾಮಾ ಬಿದ್ದ ಕೂಡಲೇ ಒಂದೂಕಾಲು ಮಿಲಿಯನ್, ಒಂದು ಸೊನ್ನೆ ಬಿಟ್ಟುಹೋಗಿದೆ ಎಂಬ ಅನುಮಾನ. ಇಂಥ ಕಡೆ ತಾವೇ ಒಂದು ಸೊನ್ನೆ ಸೇರಿಸಿ 'ಸರಿ' ಮಾಡಿದವರನ್ನೂ ನಾನು ಕಂಡಿದ್ದೇನೆ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಆದರೆ ಮೊತ್ತ ಹತ್ತು ಪಟ್ಟಾಯಿತು.

ನಿಮ್ಮ ಓದುಗರು ಜರ್ಮನಿಯವರು. ಅಲ್ಲಿಗೆ ಇನ್ನೊಂದು ತೊಡಕಿದೆ. ಅಲ್ಲಿ ಕಾಮಾ ಮತ್ತು ಚುಕ್ಕೆಯ ಕೆಲಸ ಅದಲುಬದಲು. ಸಾವಿರಗಳನ್ನು ಬೇರ್ಪಡಿಸಲು ಚುಕ್ಕೆ, ದಶಾಂಶಕ್ಕೆ ಕಾಮಾ. ನಿಮ್ಮ ಮೊತ್ತವನ್ನು ಅವರು ತಮ್ಮೊಳಗೆ `12.500.000,00` ಎಂದು ಬರೆಯುತ್ತಾರೆ. ಇಂಗ್ಲಿಷ್ ಮೇಲ್‌ನಲ್ಲಿ `12,500,000` ಕಂಡರೆ ಅವರಿಗೆ ಗೊಂದಲವಾಗುವುದಿಲ್ಲ, ಯಾಕೆಂದರೆ ಒಂದು ಸಂಖ್ಯೆಯಲ್ಲಿ ಎರಡು ದಶಾಂಶ ಚಿಹ್ನೆ ಇರಲು ಸಾಧ್ಯವಿಲ್ಲ. ಗೊಂದಲವಾಗುವುದು ಒಂದೇ ಚಿಹ್ನೆ ಇದ್ದು, ಅದರ ಮುಂದೆ ಸರಿಯಾಗಿ ಮೂರು ಅಂಕಿ ಇದ್ದಾಗ. `INR 12,500` ಎಂಬುದನ್ನು ಹನ್ನೆರಡೂವರೆ ರೂಪಾಯಿ ಎಂದೂ ಓದಬಹುದು. `12.500 million` ಎಂದು ಬರೆದರೆ ಹನ್ನೆರಡು ಸಾವಿರದ ಐನೂರು ಮಿಲಿಯನ್ ಎಂದೂ ಓದಬಹುದು. ಆದ್ದರಿಂದ ಚಿಕ್ಕ ಮೊತ್ತಕ್ಕೆ ಪೈಸೆಯ ಜಾಗ ಸೇರಿಸಿ `12,500.00` ಎಂದು ಬರೆಯಿರಿ. ಮಿಲಿಯನ್‌ಗೆ ಒಂದು ಅಥವಾ ಎರಡು ದಶಾಂಶದಲ್ಲಿ ನಿಲ್ಲಿಸಿ. `12.5 million` ಎಂದರೆ ಯಾರೂ ತಪ್ಪಾಗಿ ಓದುವುದಿಲ್ಲ.

ಅಂತರರಾಷ್ಟ್ರೀಯ ಮಾಪನ ಸಮ್ಮೇಳನ 2003ರಲ್ಲಿ ಇದಕ್ಕೆ ಒಂದು ದಾರಿ ಹೇಳಿತ್ತು. ದಶಾಂಶಕ್ಕೆ ಚುಕ್ಕೆಯೋ ಕಾಮಾವೋ ಯಾವುದಾದರೂ ಇರಲಿ, ಮೂರು ಮೂರು ಅಂಕಿಯ ನಡುವೆ ಎರಡೂ ಬೇಡ, ಖಾಲಿ ಜಾಗ ಬಿಡಿ ಎಂದು. ವಿಜ್ಞಾನದ ಬರಹಕ್ಕೆ ಅದು ಚೆನ್ನ. ದುಡ್ಡಿನ ಮೇಲ್‌ಗೆ ನಾನು ಅದನ್ನು ಹೇಳುವುದಿಲ್ಲ. ಸಾಲಿನ ಕೊನೆಯಲ್ಲಿ ಸಂಖ್ಯೆ ಎರಡು ತುಂಡಾಗುತ್ತದೆ. ಎಕ್ಸೆಲ್‌ಗೆ ಅಂಟಿಸಿದರೆ ಸಂಖ್ಯೆ ಎಂದು ಗುರುತು ಹಿಡಿಯದೆ ಅಕ್ಷರವಾಗಿ ಉಳಿದುಬಿಡಬಹುದು.

`Cr` ಬಗ್ಗೆ ನಿಮ್ಮ ಸಹೋದ್ಯೋಗಿ ಕೇಳಿದ್ದು ನೂರಕ್ಕೆ ನೂರು ಸರಿ. ಲೆಕ್ಕದ ಪುಸ್ತಕದಲ್ಲಿ `Dr` ಡೆಬಿಟ್, `Cr` ಕ್ರೆಡಿಟ್. ಹಣಕಾಸು ವಿಭಾಗದವರಿಗೆ ಹೋದ ಮೇಲ್‌ನಲ್ಲಿ `1.25 Cr` ಎಂದರೆ ಒಂದೂಕಾಲು ರೂಪಾಯಿ ಜಮಾ ಎಂದು ಓದಲು ಎಲ್ಲ ಕಾರಣಗಳೂ ಇವೆ. ಹಾಗೆಯೇ `12 L` ಎಂದರೆ ಅವರಿಗೆ ಹನ್ನೆರಡು ಲೀಟರ್. ಹೊರಗಿನವರಿಗೆ ಹೋಗುವ ಮೇಲ್‌ನಲ್ಲಿ ಈ ಎರಡು ಚಿಕ್ಕ ರೂಪಗಳನ್ನು ಪೂರ್ತಿ ಬಿಟ್ಟುಬಿಡಿ. `crore` ಎಂದು ಐದು ಅಕ್ಷರ ಬರೆದರೆ, ಕನಿಷ್ಠ ಇದು ಗೊತ್ತಿಲ್ಲದ ಪದ ಎಂದಾದರೂ ಗೊತ್ತಾಗುತ್ತದೆ, ಹುಡುಕಿ ನೋಡುತ್ತಾರೆ. `Cr` ಗೊತ್ತಿರುವ ಪದದಂತೆ ಕಾಣುತ್ತದೆ. ತೊಂದರೆ ಬರುವುದೇ ಅದರಿಂದ. ಮಿಲಿಯನ್ನಿಗೂ `M` ಎಂದು ಚುಟುಕು ಮಾಡಬೇಡಿ. ರೋಮನ್ ಅಂಕಿಯಲ್ಲಿ ಎಂ ಎಂದರೆ ಸಾವಿರ. ಅಮೆರಿಕದ ಕೆಲವು ಹಣಕಾಸು ಕಾಗದಗಳಲ್ಲಿ ಈಗಲೂ `M` ಸಾವಿರಕ್ಕೆ, `MM` ಮಿಲಿಯನ್ನಿಗೆ ನಿಲ್ಲುತ್ತದೆ.

`Rs.` ಕೂಡ ಬದಲಾಗಬೇಕು. ಪಾಕಿಸ್ತಾನ, ಶ್ರೀಲಂಕಾ, ನೇಪಾಳ, ಮಾರಿಷಸ್‌ಗಳಲ್ಲೂ ರೂಪಾಯಿಯೇ ಇದೆ. ನಮ್ಮ ರೂಪಾಯಿಗೆ ಬ್ಯಾಂಕುಗಳು ಬಳಸುವ ಮೂರಕ್ಷರದ ಗುರುತು `INR`. ₹ ಚಿಹ್ನೆ 2010ರಲ್ಲಿ ಬಂದದ್ದು. ಹಳೆಯ ಫಾಂಟ್ ಇರುವ ಯಂತ್ರದಲ್ಲಿ ಅದು ಖಾಲಿ ಚೌಕವಾಗಿ ಕಾಣಬಹುದು. `INR` ಎಲ್ಲ ಕಡೆ ಕಾಣುತ್ತದೆ.

ಹಾಗಾದರೆ ನಿಮ್ಮ ಮೇಲ್ ಹೇಗಿರಬೇಕಿತ್ತು? ಒಟ್ಟು ಒಂದೂಕಾಲು ಕೋಟಿ, ಮುಂಗಡ ಶೇಕಡಾ ಮೂವತ್ತು, ಉಳಿದದ್ದು ಸ್ಯಾಂಪಲ್ ಒಪ್ಪಿದ ಮೇಲೆ ಎಂದಿಟ್ಟುಕೊಳ್ಳೋಣ. ನಾನಾದರೆ ಹೀಗೆ ಬರೆಯುತ್ತೇನೆ:

```
Total tooling cost: INR 12,500,000 (12.5 million; 1.25 crore)
Advance, 30%: INR 3,750,000
Balance on sample approval: INR 8,750,000
```

ಮೊದಲ ಸಾಲಿನಲ್ಲಿ ಒಂದೇ ಮೊತ್ತ ಮೂರು ಸಲ ಇದೆ. ಅದು ಬೇಕೆಂದೇ ಮಾಡಿದ್ದು. ಪೂರ್ತಿ ಅಂಕಿ ಇರುವುದು ಪರ್ಚೇಸ್ ಆರ್ಡರ್ ಹಾಕುವವರಿಗೆ. ಅವರು ಅದನ್ನು ನೋಡಿಕೊಂಡೇ ಟೈಪ್ ಮಾಡುತ್ತಾರೆ. ಮಿಲಿಯನ್ ಇರುವುದು ಮೇಲ್ ಓದಿ ಒಪ್ಪಿಗೆ ಕೊಡುವವರಿಗೆ. ಕೋಟಿ ಇರುವುದು ಸಿಸಿಯಲ್ಲಿರುವ ನಿಮ್ಮ ಮ್ಯಾನೇಜರ್‌ಗೆ. ಒಂದು ಸೊನ್ನೆ ತಪ್ಪಿದರೆ ಮೂರೂ ಒಂದಕ್ಕೊಂದು ಹೊಂದುವುದಿಲ್ಲ, ಯಾರಾದರೂ ಹಿಡಿಯುತ್ತಾರೆ. ಎರಡನೆಯ ಸಾಲಿನಿಂದ ಪೂರ್ತಿ ಅಂಕಿ ಸಾಕು. ಎಲ್ಲ ಸಾಲಿಗೂ ಮೂರು ಮೂರು ರೂಪ ಕೊಟ್ಟರೆ ಓದುವವರಿಗೆ ಸುಸ್ತಾಗುತ್ತದೆ.

ಮೇಲ್‌ಗಳು ಉದ್ದಕ್ಕೂ ಓಡಾಡುವಂಥದ್ದಾದರೆ, ಹತ್ತು ಜನರಲ್ಲಿ ಒಂಬತ್ತು ಜನ ಇಲ್ಲಿನವರೇ ಆದರೆ, ಕೋಟಿಯಲ್ಲೇ ಮುಂದುವರಿಯಬಹುದು. ಆಗ ಮೊದಲ ಮೇಲ್‌ನ ತಲೆಯಲ್ಲೇ `1 crore = 10 million` ಎಂಬ ಒಂದು ಸಾಲು ಇರಲಿ. ಇದರ ಅಪಾಯ ಏನೆಂದರೆ ಮೇಲ್ ಫಾರ್ವರ್ಡ್ ಆಗುತ್ತದೆ. ಮಧ್ಯದ ಒಂದು ಮೇಲ್ ಮಾತ್ರ ಕೈಗೆ ಬಂದವರಿಗೆ ಆ ಸಾಲು ಕಾಣುವುದಿಲ್ಲ. ಅದಕ್ಕೇ ದುಡ್ಡು ಹೊರಡುವ ವಿಷಯ ಇದ್ದರೆ, ಅಂದರೆ ಕೊಟೇಶನ್, ಒಪ್ಪಿಗೆ, ಇನ್‌ವಾಯ್ಸ್ ಇದ್ದರೆ ನಾನು ಈ ದಾರಿ ಹಿಡಿಯುವುದಿಲ್ಲ.

ಈಗ ನನ್ನ ತಪ್ಪು. ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಒಂದು ಕಂಪನಿಯ ಬಜೆಟ್ ಕೋರಿಕೆ ನನ್ನ ಕೈಯಿಂದ ಹೊರಗೆ ಹೋಯಿತು. ಇಲ್ಲಿ ಚರ್ಚೆಯಾದದ್ದು 3.2 ಕೋಟಿ. ಮೇಲ್ ಬರೆಯುವಾಗ ಅವರಿಗೆ ಅರ್ಥವಾಗಲಿ ಎಂದು ಕೋಟಿ ಅಳಿಸಿ ಮಿಲಿಯನ್ ಎಂದು ಹಾಕಿದೆ. ಸಂಖ್ಯೆಯನ್ನು ಮುಟ್ಟಲಿಲ್ಲ. 3.2 ಮಿಲಿಯನ್ ಎಂದರೆ 32 ಲಕ್ಷ. ಅಲ್ಲಿಂದ ತಕ್ಷಣ ಒಪ್ಪಿಗೆ ಬಂತು. ಅಷ್ಟು ಬೇಗ ಬಂದಾಗಲೇ ನನಗೆ ಅನುಮಾನ ಬರಬೇಕಿತ್ತು. ಖರ್ಚು ಮಾಡಲು ಹೊರಟಾಗ ಹತ್ತರಲ್ಲಿ ಒಂದು ಪಾಲಿಗೆ ಮಾತ್ರ ಒಪ್ಪಿಗೆ ಇದೆ ಎಂದು ಗೊತ್ತಾಯಿತು. ಉಳಿದದ್ದಕ್ಕೆ ಮತ್ತೆ ಮೊದಲಿನಿಂದ ಕೇಳಬೇಕಾಯಿತು. ಈ ಸಲ ಪ್ರತಿ ಸಾಲಿಗೂ ವಿವರಣೆ ಕೇಳಿದರು. ಅವರನ್ನು ದೂರಲು ನನಗೆ ದಾರಿ ಇರಲಿಲ್ಲ.

ಈ ತಪ್ಪು ಯಾಕೆ ಇಷ್ಟು ಸುಲಭ ಗೊತ್ತಾ? ಲಕ್ಷದಿಂದ ಮಿಲಿಯನ್‌ಗೆ ಹೋಗುವಾಗ ಹತ್ತರಿಂದ ಭಾಗಿಸಬೇಕು. ಕೋಟಿಯಿಂದ ಮಿಲಿಯನ್‌ಗೆ ಹೋಗುವಾಗ ಹತ್ತರಿಂದ ಗುಣಿಸಬೇಕು. ಮಿಲಿಯನ್ ನಮ್ಮ ಎರಡು ಮೆಟ್ಟಿಲಿನ ನಡುವೆ ಕೂತಿದೆ. ಒಂದು ಕಡೆಯಿಂದ ಇಳಿಯಬೇಕು, ಇನ್ನೊಂದು ಕಡೆಯಿಂದ ಏರಬೇಕು. ದಿಕ್ಕು ತಪ್ಪಿದರೆ ವ್ಯತ್ಯಾಸ ಹತ್ತು ಪಟ್ಟಲ್ಲ, ನೂರು ಪಟ್ಟು. 80 ಲಕ್ಷ ಎಂದರೆ 8 ಮಿಲಿಯನ್. ಗುಣಿಸಿಬಿಟ್ಟರೆ 800 ಮಿಲಿಯನ್ ಆಗುತ್ತದೆ, ಅಂದರೆ 80 ಕೋಟಿ.

ನನಗೆ ಸಹಾಯ ಮಾಡಿದ್ದು ಶಾಲೆಯಲ್ಲಿ ಸ್ಥಾನಬೆಲೆ ಕಲಿಯುವಾಗ ಬಾಯಿಪಾಠ ಮಾಡಿದ ಪದಗಳು. ಸಾವಿರ, ಹತ್ತು ಸಾವಿರ, ಲಕ್ಷ, ಹತ್ತು ಲಕ್ಷ, ಕೋಟಿ. ಆ ಹತ್ತು ಲಕ್ಷವೇ, ಅಂದರೆ ದಶಲಕ್ಷವೇ ಮಿಲಿಯನ್. ಮನಸ್ಸಿನಲ್ಲಿ 'ಇದರಲ್ಲಿ ಎಷ್ಟು ಹತ್ತು ಲಕ್ಷ ಇವೆ' ಎಂದು ಕೇಳಿಕೊಂಡರೆ ಗುಣಿಸಬೇಕೋ ಭಾಗಿಸಬೇಕೋ ಎಂಬ ಗೊಂದಲವೇ ಬರುವುದಿಲ್ಲ. ಒಂದೂಕಾಲು ಕೋಟಿಯಲ್ಲಿ ಎಷ್ಟು ಹತ್ತು ಲಕ್ಷ? ಹನ್ನೆರಡೂವರೆ. ಹಾಗಾಗಿ 12.5 ಮಿಲಿಯನ್.

ಆಮೇಲೆ ಇನ್ನೊಂದು ಪರೀಕ್ಷೆ. ಮೊತ್ತವನ್ನು ಒಂದು ಬಿಡಿ ವಸ್ತುವಿನ ಲೆಕ್ಕಕ್ಕೆ ಇಳಿಸಿ ನೋಡಿ. ಈ ಟೂಲ್‌ನಿಂದ 50,000 ಪೀಸ್ ತೆಗೆಯುತ್ತೀರಿ ಎನ್ನಿ. 12,500,000ನ್ನು 50,000ದಿಂದ ಭಾಗಿಸಿದರೆ ಪೀಸಿಗೆ 250 ರೂಪಾಯಿ. ನಿಮ್ಮ ಅಂದಾಜಿನಲ್ಲೂ ಅಷ್ಟೇ ಇದ್ದರೆ ಸೊನ್ನೆಗಳು ಸರಿಯಾಗಿವೆ. 25 ಅಥವಾ 2,500 ಬಂದರೆ ಮೇಲ್ ಕಳಿಸಬೇಡಿ. ಈ 250ನ್ನು ಮೇಲ್‌ನಲ್ಲೂ ಬರೆದರೆ ಇನ್ನೂ ಒಳ್ಳೆಯದು. ನೂರಿನ ಆಸುಪಾಸಿನ ಸಂಖ್ಯೆಯನ್ನು ಎಲ್ಲ ದೇಶದವರೂ ಒಂದೇ ರೀತಿ ಓದುತ್ತಾರೆ.

ಯೂರೋದಲ್ಲಿ ಬರೆದುಬಿಡಲೇ ಎಂದಿರಿ. ನಿಮ್ಮ ಸರಬರಾಜುದಾರರು ರೂಪಾಯಿಯಲ್ಲಿ ಬಿಲ್ ಮಾಡುವುದಾದರೆ ಬೇಡ. ಲೆಕ್ಕ ಸುಲಭವಾಗಲಿ ಎಂದು ಒಂದು ಯೂರೋಗೆ ನೂರು ರೂಪಾಯಿ ಎಂದಿಟ್ಟುಕೊಂಡರೆ ನಿಮ್ಮ ಮೊತ್ತ 125,000 ಯೂರೋ. ನೀವು ಅಷ್ಟೇ ಬರೆದರೆ ಅವರು 125,000ಕ್ಕೆ ಒಪ್ಪಿಗೆ ಕೊಡುತ್ತಾರೆ. ಎರಡು ತಿಂಗಳ ನಂತರ ಬಿಲ್ ಬರುವಾಗ ದರ 95 ಆಗಿದ್ದರೆ ಅದೇ ರೂಪಾಯಿಗೆ ಸುಮಾರು 131,600 ಯೂರೋ ಬೇಕು. ಹೆಚ್ಚಿನ 6,600 ಯೂರೋಗೆ ಉತ್ತರ ಕೊಡಬೇಕಾದವರು ನೀವು. ಒಪ್ಪಂದ ಯಾವ ಹಣದಲ್ಲಿದೆಯೋ ಅದು ಮೊದಲು ಬರಬೇಕು. ಯೂರೋ ಅದರ ಪಕ್ಕದಲ್ಲಿ ಅಂದಾಜಾಗಿ ಬರಲಿ, ದರ ಮತ್ತು ತಾರೀಖಿನ ಜೊತೆಗೆ. ಅಂದ ಹಾಗೆ, ಯೂರೋ ಬರೆಯುವಾಗಲೂ ಕೈ ರೂಢಿಯಂತೆ `1,25,000` ಎಂದು ಕಾಮಾ ಹಾಕಿಬಿಡುತ್ತದೆ. ಅಲ್ಲಿ ಕಣ್ಣಿಡಿ.

ಮೇಲ್‌ಗೆ ಎಕ್ಸೆಲ್ ಹಾಳೆ ಲಗತ್ತಿಸುವಾಗ ಒಂದು ವಿಷಯ ಗೊತ್ತಿರಬೇಕು. `#,##0` ಎಂಬ ಸಾಮಾನ್ಯ ಫಾರ್ಮ್ಯಾಟ್ ಇದ್ದರೆ ಕಾಮಾ ಎಲ್ಲಿ ಬೀಳಬೇಕು ಎಂಬುದನ್ನು ನೋಡುವವರ ಕಂಪ್ಯೂಟರಿನ ವಿಂಡೋಸ್ ಸೆಟ್ಟಿಂಗ್ ತೀರ್ಮಾನಿಸುತ್ತದೆ. ನಿಮಗೆ `1,25,00,000` ಎಂದು ಕಾಣುವ ಅದೇ ಫೈಲ್ ಅವರಿಗೆ `12.500.000` ಎಂದು ಕಾಣುತ್ತದೆ. ಇದು ತುಂಬಾ ಒಳ್ಳೆಯ ಏರ್ಪಾಡು, ಅದನ್ನು ಕೆಡಿಸಬೇಡಿ. ಕೆಡುವುದು ಎರಡು ರೀತಿ. ಹಾಳೆಯ ಚಿತ್ರವನ್ನೋ ಅಕ್ಷರಗಳನ್ನೋ ಮೇಲ್‌ಗೆ ಅಂಟಿಸಿದರೆ ನಿಮ್ಮ ಕಾಮಾಗಳೇ ಗಟ್ಟಿಯಾಗುತ್ತವೆ. ಇಲ್ಲವೇ ಲಕ್ಷ ಕೋಟಿ ತೋರಿಸಲು ನಮ್ಮ ಆಫೀಸುಗಳಲ್ಲಿ ಕೈಯಿಂದ ಕೈಗೆ ಓಡಾಡುವ ಈ ಫಾರ್ಮ್ಯಾಟ್ ಹಾಳೆಯಲ್ಲಿದ್ದರೆ:

```
[>=10000000]##\,##\,##\,##0;[>=100000]##\,##\,##0;##,##0
```

ಇದರಲ್ಲಿ ಕಾಮಾವನ್ನು ಅಕ್ಷರದಂತೆ ಮೊಳೆ ಹೊಡೆದು ಕೂರಿಸಲಾಗಿದೆ. ಜರ್ಮನಿಯ ಯಂತ್ರದಲ್ಲೂ ಅದು ಅಲ್ಲೇ ಇರುತ್ತದೆ, ಅವರಿಗೋ ಕಾಮಾ ಎಂದರೆ ದಶಾಂಶ. ಋಣ ಸಂಖ್ಯೆ ಬಂದರೆ ಈ ಫಾರ್ಮ್ಯಾಟ್‌ನ ಕೊನೆಯ ಭಾಗಕ್ಕೆ ಬೀಳುತ್ತದೆ, ಕಾಮಾ ಬೇರೆ ರೀತಿ ಕೂರಬಹುದು. ಒಂದೇ ಕಾಲಂನಲ್ಲಿ ಎರಡು ಪದ್ಧತಿ. ಇಲ್ಲಿನ ಬಳಕೆಗೆ ಇರಲಿ, ಹೊರಗೆ ಕಳಿಸುವ ಹಾಳೆಯಲ್ಲಿ ಬೇಡ. ಕಾಲಂ ತಲೆಯ ಮೇಲೆ ಅಳತೆಯನ್ನೂ ಬರೆಯಿರಿ. ಲಕ್ಷದಲ್ಲಿ ಇಟ್ಟ ಕಾಲಂನಲ್ಲಿ ನಿಮ್ಮ ಮೊತ್ತ ಬರೀ 125 ಎಂದಿರುತ್ತದೆ. ಮೇಲೆ ಬರೆಯದಿದ್ದರೆ ಅದು ಸಾವಿರವೋ ಮಿಲಿಯನ್ನೋ ಯಾರಿಗೆ ಗೊತ್ತು?

ಇನ್‌ವಾಯ್ಸ್ ಟ್ಯಾಲಿಯಿಂದ ಹೋಗುವುದಾದರೆ ಕರೆನ್ಸಿಯ ಪರದೆಯಲ್ಲಿ `Show amount in millions` ಎಂಬ ಆಯ್ಕೆ ಇದೆ. ಯೂರೋ ಕರೆನ್ಸಿಗೆ ಅದನ್ನು `Yes` ಮಾಡಿಡಿ. ಇಲ್ಲದಿದ್ದರೆ ಅಕ್ಷರದಲ್ಲಿ ಮುದ್ರಿಸುವ ಮೊತ್ತದಲ್ಲಿ ಲಕ್ಷ ಕೋಟಿ ಬರುತ್ತದೆ. ಅಂಕಿ ಓದಿದ ಮೇಲೆ ಖಚಿತಪಡಿಸಿಕೊಳ್ಳಲು ಅವರು ನೋಡುವುದೇ ಆ ಸಾಲನ್ನು.

ನೂರು ಕೋಟಿ ದಾಟುವ ಮೊತ್ತಗಳಲ್ಲಿ ಜರ್ಮನಿಯವರಿಗೆ ಬಿಲಿಯನ್ ಎಂದು ಬರೆಯಬೇಡಿ. ಇಂಗ್ಲಿಷಿನಲ್ಲಿ ಸಾವಿರ ಮಿಲಿಯನ್ ಒಂದು ಬಿಲಿಯನ್. ಜರ್ಮನ್‌ನಲ್ಲಿ ಅದಕ್ಕೆ ಮಿಲಿಯಾರ್ಡೆ ಎನ್ನುತ್ತಾರೆ. ಅವರ ಬಿಲಿಯೋನ್ ಎಂದರೆ ಅದರ ಸಾವಿರ ಪಟ್ಟು, ಅಂದರೆ ನಮ್ಮ ಒಂದು ಲಕ್ಷ ಕೋಟಿ. ನೂರು ಕೋಟಿಯನ್ನು `1,000 million` ಎಂದು ಬರೆದರೆ ಸಾಕು ಎಂದು ಅನ್ನಿಸಬಹುದು, ಆದರೆ ಮೇಲೆ ಹೇಳಿದ ಒಂದೇ ಕಾಮಾದ ತೊಡಕು ಇಲ್ಲೂ ಇದೆ. ಅದಕ್ಕೇ ಪಕ್ಕದಲ್ಲಿ ಪೂರ್ತಿ ಅಂಕಿ ಇರಲೇಬೇಕು.

ಈಗ ಹೋಗಿಬಿಟ್ಟಿರುವ ನಿಮ್ಮ ಮೇಲ್. ಮಾತುಕತೆಯ ನಡುವೆ ಎಲ್ಲೋ ಒಂದು ಕಡೆ ಸರಿಪಡಿಸಿದರೆ ಅದು ಕಳೆದುಹೋಗುತ್ತದೆ. ಅದೇ ಸರಣಿಗೆ ಉತ್ತರಿಸಿ, ವಿಷಯದ ಸಾಲಿನ ಮೊದಲಿಗೆ `Correction` ಎಂದು ಸೇರಿಸಿ. ಮೊದಲು ಬರೆದದ್ದು ಮತ್ತು ಈಗಿನದ್ದು ಎರಡನ್ನೂ ಒಂದರ ಕೆಳಗೊಂದು ಇಡಿ. ಮೊತ್ತ ಬದಲಾಗಿಲ್ಲ, ಬರೆದ ರೀತಿ ಮಾತ್ರ ಬದಲಾಗಿದೆ ಎಂದು ಸ್ಪಷ್ಟವಾಗಿ ಹೇಳಿ. ಕೊನೆಗೆ, ಪರ್ಚೇಸ್ ಆರ್ಡರ್‌ನಲ್ಲಿ ಹಾಕುವ ಮೊತ್ತವನ್ನು ಪೂರ್ತಿ ಅಂಕಿಯಲ್ಲಿ ನಿಮಗೆ ವಾಪಸ್ ಬರೆಯಲು ಕೇಳಿ. "ಸರಿ, ಅರ್ಥವಾಯಿತು" ಎಂಬ ಉತ್ತರ ಸಾಲದು. ಅವರ ಕೈಯಿಂದ `INR 12,500,000` ಎಂದು ಬಂದ ಮೇಲೆ ಸರಬರಾಜುದಾರರಿಗೆ ಹಸಿರು ನಿಶಾನೆ ತೋರಿಸಿ.